ಯಾರಿಗೆ, ಯಾರಿಂದ

ನವಸಾರಿಯ ನಮ್ಮ ಪಾರ್ಸಿ ಅಗ್ನಿಮಂದಿರದ, ಅಗಿಯಾರಿಯ, ಪ್ರಾರ್ಥನಾ ಪುಸ್ತಕಕ್ಕೆ ಅವೆಸ್ತಾ ಭಾಷೆಯ ಗಾಥೆಗಳನ್ನು ಗುಜರಾತಿಗೆ ತಂದವಳು ನಾನು. ಅಚ್ಚಿಗೆ ಹೋಗುವ ಮುನ್ನ ಹಿರಿಯ ಪುರೋಹಿತ ದಸ್ತೂರ್ ಫರಾಮ್‌ಜಿ 'ಉಶ್ತಾ ಅಹ್ಮಾಯಿ ಯಹ್ಮಾಯಿ' ಸಾಲಿನ ನನ್ನ ಅನುವಾದದ ಮೇಲೆ ಬೆರಳಿಟ್ಟರು.

"'ಯಾರಿಗೆ ಏನು ಬಯಕೆಯೋ ಅವರಿಗೆ ಅದು ಸಿಗಲಿ' ಅಂತೆ! ದೀಕ್ರಿ, ಮಗಳೇ, 'ಯಾರಿಂದ ಇತರರಿಗೆ ಸುಖವೋ ಅವನಿಗೆ ಸುಖ.' ನಮ್ಮಜ್ಜಂದಿರು ಹೇಳಿದ್ದು ಹೀಗೆ."

"'ಉಶ್ತಾ' ಸುಖವೋ ಬಯಕೆಯೋ, ಟೀಕಾಕಾರರ ಜಗಳ ಮುಗಿದಿಲ್ಲ ದಸ್ತೂರ್‌ಜಿ. ಆದ್ರೆ 'ಯಹ್ಮಾಯಿ' ಚತುರ್ಥಿ ವಿಭಕ್ತಿ. ಅಂದ್ರೆ 'ಯಾರಿಗೆ'. 'ಯಾರಿಂದ' ಅಲ್ಲಿಲ್ಲ."

"ವಿಭಕ್ತಿ ಬೇಯಿಸ್ಕೊಂಡು ತಿನ್ನು! ತಿದ್ದು, ಇಲ್ಲಾಂದ್ರೆ ನಿನ್ನ ಹೆಸರಿರಲ್ಲ."

ವರ್ಷಗಳ ಕೆಲಸ. ಆದರೂ ಮೊದಲ ಪುಟದ ನನ್ನ ಹೆಸರನ್ನು ಹೊಡೆದುಹಾಕಿ, ಪೆನ್ನನ್ನು ಅವರತ್ತ ಚಾಚಿದೆ.

"'ಯಾರಿಂದ' ಅಂತ ನೀವೇ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ."

ದಸ್ತೂರ್‌ಜಿಗೂ ವಿಭಕ್ತಿ ಗೊತ್ತಿತ್ತು. ಅವರು ಪೆನ್ನು ಮುಟ್ಟಲಿಲ್ಲ.