ತಪ್ಪಿ ಬಂದ ಸೋಪಿನ ಕವರ್

ರಾತ್ರಿ ಮಲಗುವ ಹೊತ್ತಿಗೆ ಫೋನ್ ಟಿಂಗ್ ಎಂದಿತು. ನಮ್ಮ ಸೋಪಿನ ಕವರ್‌ಗಳಿಗೆ ವಿನ್ಯಾಸ ಮಾಡಿಕೊಡುವ ಫ್ರೀಲ್ಯಾನ್ಸರ್ ಹುಡುಗಿ ಫೈಲ್ ಕಳಿಸಿದ್ದಳು. ತೆರೆದು ನೋಡಿದರೆ ಅದು ನಮ್ಮದಲ್ಲ. ನಮ್ಮ ಎದುರಾಳಿ ಕಂಪನಿ ಇನ್ನೂ ಮಾರುಕಟ್ಟೆಗೆ ತರದ ಸೋಪಿನ ಕವರ್. ಅವರಿಗೂ ಇವಳೇ ವಿನ್ಯಾಸ ಮಾಡಿಕೊಡುತ್ತಿದ್ದಳು. ನಾಳೆ ನಮ್ಮದೂ ಹೀಗೆಯೇ ಅವರ ಕೈಗೆ ಸಿಗಬಹುದು. ತಪ್ಪಿ ಬಂದಿದೆ ಎಂದು ಅವಳಿಗೆ ತಿಳಿಸಿ, ಫೈಲನ್ನು ಅಳಿಸಿಹಾಕಿದೆ.

ಬೆಳಿಗ್ಗೆ ಪ್ಯಾಕಿಂಗ್ ಕೋಣೆಯಲ್ಲಿ, ಕಂಪನಿ ನಡೆಸುವ ಅಕ್ಕನಿಗೆ ಹೇಳಿದೆ: "ಅಕ್ಕಾ, ಡಿಸೈನ್‌ಗೆ ಸಂಬಳ ಕೊಟ್ಟು ಒಬ್ಬರನ್ನ ಇಟ್ಕೊಳ್ಳೋಣ."

"ತಲೆ ಕೆಟ್ಟಿದ್ಯಾ? ಕೆಲಸ ಇಲ್ದಿದ್ದ ದಿನ ನೊಣ ಹೊಡೀತಾ ಕೂರೋಕೆ ಸಂಬಳಾನಾ?"

ನಾನು ಪಟ್ಟು ಬಿಡಲಿಲ್ಲ. "ಕೆಲಸ ಇಲ್ದಿದ್ದ ದಿನ ಯಾವ್ದು ಹೇಳು. ವಾರವಾರ ಹೊಸ ಕವರ್ ಬೇಕು, ಅಂಗಡಿಗಳಿಗೆ ಪೋಸ್ಟರ್ ಬೇಕು. ಮೂಲ ಫೈಲೆಲ್ಲ ಆ ಫ್ರೀಲ್ಯಾನ್ಸರ್ ಹುಡುಗಿ ಹತ್ರಾನೇ ಇದೆ. ಒಂದಕ್ಷರ ತಿದ್ದೋಕೂ ಅವಳ ಬಿಡುವು ಕಾಯ್ತೀವಿ. ಯಾವಾಗಲೋ ಒಮ್ಮೆ ಬರೋ ಕೆಲಸವಾಗಿದ್ರೆ ಹೊರಗೆ ಕೊಡ್ಬಹುದಿತ್ತು."

"ಹಂಗಾದ್ರೆ ಅವಳನ್ನೇ ಕೇಳೋಣ," ಎಂದು ಅಕ್ಕ ಸ್ಪೀಕರ್ ಹಾಕಿ ಫೋನ್ ಮಾಡಿದಳು.

"ಬೇಡ ಮೇಡಂ, ಒಂದೇ ಕಡೆ ಕೂತ್ರೆ ನಂಗೆ ಜೋಂಪು ಹತ್ತುತ್ತೆ," ಎಂದು ಆ ಹುಡುಗಿ ನಕ್ಕಳು. ರಾತ್ರಿಯ ಫೈಲಿನ ವಿಷಯ ಅಕ್ಕನಿಗೂ ಗೊತ್ತಾಗಿದೆಯೇನೋ ಎಂಬ ಅಳುಕು ಆ ನಗುವಿನಲ್ಲಿತ್ತು.

ಅಕ್ಕ ಕೊನೆಗೆ, ಡಿಸೈನರ್ ಬೇಕೆಂದು ಜಾಹೀರಾತು ಹಾಕು ಎಂದಳು. "ಇಷ್ಟು ದಿನ ಸುಮ್ನಿದ್ಯಲ್ಲ, ಇವತ್ತೇನಾಯ್ತೇ ನಿಂಗೆ?"

ಹೇಳಿದರೆ ಅಕ್ಕ ನಾಲ್ಕು ಜನರ ಕಿವಿಗೆ ಹಾಕುತ್ತಾಳೆ. ಆಮೇಲೆ ಆ ಹುಡುಗಿಗೆ ಯಾರೂ ಕೆಲಸ ಕೊಡುವುದಿಲ್ಲ.

"ಏನಿಲ್ಲ," ಎಂದೆ. ಆ ಫೈಲಿನ ವಿಷಯ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ.