ಜಾರುವ ಬಾಗಿಲಿನ ಸಾರಾಂಶ

ರಾಜ್ಯಗಳು ಎದ್ದದ್ದು, ಬಿದ್ದದ್ದು, ನದಿಗಳು ದಿಕ್ಕು ಬದಲಿಸಿದ್ದು, ಇವನ್ನೆಲ್ಲ ಬಲ್ಲವರು ಬರೆದಿಟ್ಟಿದ್ದಾರೆ. ಆದರೆ ಒಂದು ಆಸ್ಪತ್ರೆಯ ನೆಲಮಹಡಿಯಲ್ಲಿ, ಫಿಸಿಯೋಥೆರಪಿಯ ಹೊಸ ಕೋಣೆಗೆ ಹಾಕುವ ಬಾಗಿಲು ಪಕ್ಕಕ್ಕೆ ಜಾರಬೇಕೋ ಹೊರಕ್ಕೆ ತೆರೆಯಬೇಕೋ ಎಂಬ ಮಹಾಪ್ರಶ್ನೆಯ ಇತಿಹಾಸವನ್ನು ಯಾರೂ ಬರೆದಿರಲಿಲ್ಲ. ಅದಕ್ಕೆ ಆಧಾರಗಳ ಕೊರತೆ ಕಾರಣವಲ್ಲ. ಆಧಾರಗಳು ನೂರನ್ನೂ ಮೀರಿದ್ದವು, ಎಲ್ಲವೂ ಒಂದೇ ಇಮೇಲ್ ಸರಪಳಿಯಲ್ಲಿದ್ದವು, ಆ ಸರಪಳಿಯ ತಲೆಬರಹ ಮಾತ್ರ ‘ಕಾಯುವ ಕೋಣೆಯ ಕುರ್ಚಿಗಳು’ ಎಂದಿತ್ತು. ಯಾರೋ ಪುಣ್ಯಾತ್ಮರು ಹೊಸ ಮೇಲ್ ತೆರೆಯುವ ಸೋಮಾರಿತನಕ್ಕೆ ಕುರ್ಚಿಯ ಇಮೇಲಿಗೇ ಉತ್ತರವಾಗಿ ಬಾಗಿಲಿನ ಮಾತೆತ್ತಿದ್ದರು. ಅಲ್ಲಿಂದ ಬಾಗಿಲು ಕುರ್ಚಿಯ ಹೆಸರಿನಲ್ಲೇ ಬೆಳೆದು ದೊಡ್ಡದಾಯಿತು.

ಈ ಇತಿಹಾಸ ಬರೆಯುವ ಕೆಲಸ ಕಟ್ಟಡ ವಿಭಾಗದ ಸಂಯೋಜಕಿಯ ಕೊರಳಿಗೆ ಬಿತ್ತು. ಅವಳಿಗೆ ಇನ್ನೊಂದು ಊರಿನ ಶಾಖೆಗೆ ವರ್ಗವಾಗಿತ್ತು. ಗಂಡ, ಮಗಳು ಶಾಲೆ ಶುರುವಾಗುವ ಮೊದಲೇ ಅಲ್ಲಿಗೆ ಹೋಗಿದ್ದರು. ಇವಳು ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಸೂಟ್‌ಕೇಸಿನ ಸಂಸಾರ ಮಾಡಿಕೊಂಡು, ಬಿಡುಗಡೆ ಪತ್ರಕ್ಕೆ ಕಾಯುತ್ತಿದ್ದಳು. ಅವಳ ಜಾಗಕ್ಕೆ ಔಷಧಿ ಉಗ್ರಾಣದಿಂದ ಒಬ್ಬರು ಬಂದಿದ್ದರು. ವಯಸ್ಸು ಐವತ್ತರ ಹತ್ತಿರ, ತಲೆ ಅರ್ಧ ಬೋಳು, ಆದರೂ ವಿಭಾಗದಲ್ಲಿ ಎಲ್ಲರಿಗೂ ಅವರು ‘ಹೊಸಬ’.

ಆಡಳಿತಾಧಿಕಾರಿ ಸಾಹೇಬರು ಬುಧವಾರ ಹೊಸಬರನ್ನು ತೋರಿಸಿ ಅವಳಿಗೆ ಷರತ್ತು ಹಾಕಿದರು. “ಶುಕ್ರವಾರ ಬಾಗಿಲಿನವರಿಗೆ ಆರ್ಡರ್ ಹೋಗ್ಬೇಕು. ಅವತ್ತು ಬೆಳಿಗ್ಗೆ ನಾನು ಇವರನ್ನ ಕೇಳ್ತೀನಿ, ಏನೇನು ತೀರ್ಮಾನ ಆಗಿದೆ, ಏನೇನು ಬಾಕಿ ಇದೆ ಅಂತ. ನಿಮ್ಮ ಮುಖ ನೋಡದೆ ಇವರು ಹೇಳಿದ್ರೆ ಅವತ್ತೇ ನಿಮಗೆ ಬಿಡುಗಡೆ. ನಿಮ್ಮ ಮುಖ ನೋಡಿದ್ರೋ, ನೀವಿನ್ನೂ ಬೇಕು ಅಂತ ಅರ್ಥ.”

“ಸರ್, ಮೇಲ್ ಎಲ್ಲಾ ಕಳಿಸಿಬಿಡ್ತೀನಿ, ಓದ್ಕೊಳ್ಳಲಿ,” ಅಂದಳು ಸಂಯೋಜಕಿ.

ಕಳಿಸಿದಳು ಕೂಡ. ಹೊಸಬರು ಮಧ್ಯಾಹ್ನದವರೆಗೆ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಕೇಳಿದರು. “ಮೇಡಂ, ಕುರ್ಚಿ ಎಷ್ಟು ಬೇಕಂತೆ?”

ಅವಳು ಅಂದು ಸಂಜೆಯೊಳಗೆ ಸಾರಾಂಶ ಬರೆದಳು. ಮೊದಲ ಮೇಲಿನಿಂದ ಹಿಡಿದು ಕೊನೆಯ ಮೇಲಿನವರೆಗೆ ಯಾರು ಏನೆಂದರು, ಅದಕ್ಕೆ ಇನ್ನೊಬ್ಬರು ಏನೆಂದರು, ಒಂದೂ ಬಿಡಲಿಲ್ಲ. ನಾಲ್ಕು ಪುಟವಾಯಿತು. ಮನೆಗೆ ಬಂದು, ಬಟಾಣಿ ಸುಲಿಯುತ್ತಿದ್ದ ಚಿಕ್ಕಮ್ಮನ ಎದುರು ಕೂತು ಓದಿದಳು. ಹೆಡ್ ಸಿಸ್ಟರ್ ಗಾಲಿಕುರ್ಚಿ ಸಲೀಸಾಗಿ ಹೋಗುವ ಅಗಲ ಕೇಳಿದ್ದು, ನಕ್ಷೆಯವರು ಅಗಲ ಮಾಡಿದರೆ ಬಾಗಿಲು ಹೊರಕ್ಕೆ ತೆರೆದಾಗ ಓಣಿಗೆ ಅಡ್ಡ ಬರುತ್ತದೆ ಎಂದದ್ದು, ತಾನೇ ತೆರೆದುಕೊಳ್ಳುವ ಬಾಗಿಲು ತರಿಸೋಣವೆಂದು ಯಾರೋ ಆಸೆಪಟ್ಟದ್ದು, ಕರೆಂಟು ಹೋದರೆ ಗತಿ ಏನೆಂದು ಇನ್ಯಾರೋ ಹೆದರಿಸಿದ್ದು, ಎಲ್ಲವೂ ಬಂತು.

ಚಿಕ್ಕಮ್ಮ ಕೊನೆಯ ಕಾಯಿ ಸುಲಿದು ಸಿಪ್ಪೆ ಒಟ್ಟು ಮಾಡಿದಳು. “ಚೆನ್ನಾಗಿದೆ ಕಣೆ. ಕೊನೆಗೆ ಬಾಗಿಲು ಹಾಕಿದ್ರಾ?”

“ಇನ್ನೂ ಇಲ್ಲ ಚಿಕ್ಕಮ್ಮ.”

“ಹಾಗಾದ್ರೆ ಎಂಥದ್ದು ಹಾಕೋದು ಅಂತಾಯ್ತು?”

“ಅದೇ, ಓದಿದ್ನಲ್ಲ!”

“ನೀನು ಓದಿದ್ದು ಜಗಳ. ಮದುವೆ ಮನೆಗೆ ಹೋಗಿ ಬಂದವಳು ಯಾರ್ಯಾರು ಮುನಿಸ್ಕೊಂಡ್ರು ಅಂತ ಎಲ್ಲಾ ಹೇಳಿ, ಮದುಮಗ ಯಾರು ಅಂತ ಹೇಳದೆ ಹೋದ ಹಾಗಾಯ್ತು.”

ಅಷ್ಟರಲ್ಲಿ ಮಗಳ ಫೋನು ಬಂತು. “ಅಮ್ಮಾ, ಶನಿವಾರ ಬರ್ತೀಯ ತಾನೆ? ಅಪ್ಪ ಎರಡು ಜಡೆ ಹಾಕಿದ್ರೆ ಒಂದು ಮೇಲೆ, ಒಂದು ಕೆಳಗೆ ಆಗುತ್ತೆ.”

“ಬಂದೇ ಬರ್ತೀನಿ ಪುಟ್ಟಿ,” ಅಂದುಬಿಟ್ಟಳು.

ಗುರುವಾರ ಅವಳು ನಾಲ್ಕು ಪುಟವನ್ನು ಪಕ್ಕಕ್ಕೆ ತಳ್ಳಿ ಹೊಸದಾಗಿ ಶುರುಮಾಡಿದಳು. ಈ ಸಲ ಯಾರು ಯಾರಿಗೆ ಏನೆಂದರೆಂಬುದೇ ಬೇಡ. ತೀರ್ಮಾನವಾದದ್ದು ಒಂದು ಕಡೆ. ಕೈಬಿಟ್ಟದ್ದು, ಯಾಕೆ ಬಿಟ್ಟರೆಂಬ ಒಂದು ಸಾಲಿನ ಜೊತೆ, ಇನ್ನೊಂದು ಕಡೆ. ಇಲ್ಲದಿದ್ದರೆ ಹೊಸಬರು ನಾಳೆ ಉತ್ಸಾಹದಿಂದ ತಾನೇ ತೆರೆದುಕೊಳ್ಳುವ ಬಾಗಿಲನ್ನು ಮತ್ತೆ ಎಬ್ಬಿಸಿಯಾರು. ಬಾಕಿ ಇದ್ದದ್ದು, ಯಾರು ಉತ್ತರಿಸಬೇಕು, ಯಾವ ದಿನದೊಳಗೆ ಎಂಬುದು ಮತ್ತೊಂದು ಕಡೆ. ಪ್ರತಿ ತೀರ್ಮಾನದ ಎದುರಿಗೆ ಹೇಳಿದವರು ಯಾರು, ಯಾವ ದಿನದ ಮೇಲಿನಲ್ಲಿ ಎಂದು ಬರೆಯುತ್ತಾ ಹೋದಳು. ಅಗಲ: ಹೆಡ್ ಸಿಸ್ಟರ್ ಕೇಳಿದ್ದು, ಸಾಹೇಬರು ಒಪ್ಪಿದ್ದು. ಹೊಸ್ತಿಲು: ಬೇಡ, ಗಾಲಿ ತಡೆಯುತ್ತದೆ. ಬಗೆ: ಜಾರುವ ಬಾಗಿಲು, ಸಾಹೇಬರ ‘ಒಪ್ಪಿಗೆ’. ಜೀವ ಹಗುರವಾಯಿತು.

ಹೊಸಬರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಉಗ್ರಾಣದಲ್ಲಿ ಒಂದೇ ಹೆಸರಿನ, ಮೂರು ಬೇರೆ ಬೇರೆ ಪವರಿನ ಮಾತ್ರೆಗಳ ನಡುವೆ ಬಾಳಿದ ಜೀವ. ಅವರಿಗೆ ಒಂದು ಅನುಮಾನ ಬಂತು.

“ಮೇಡಂ, ಸಾಹೇಬರು ಒಪ್ಪಿದ್ದು ಯಾವ ನಕ್ಷೆಗೆ?”

“ಯಾವ ನಕ್ಷೆಗೆ ಅಂದ್ರೆ? ನಕ್ಷೆಗೆ.”

“ಅಲ್ಲ, ಇಲ್ಲಿ ‘ಫೈನಲ್’ ಅಂತ ಒಂದಿದೆ. ‘ಫೈನಲ್ ಹೊಸದು’ ಅಂತ ಒಂದಿದೆ. ಬಾಗಿಲಿನವರ ಹತ್ರ ಇರೋದು ಹೊಸದು.”

“ನೋಡಿ, ಸಾಹೇಬರ ‘ಒಪ್ಪಿಗೆ’ ಕೆಳಗಿದೆ, ಹೊಸ ನಕ್ಷೆ ಅದರ ಮೇಲೇ ಇದೆ. ಒಟ್ಟಿಗೇ ಇದೆಯಲ್ಲ,” ಎಂದವಳು ಎರಡರ ದಿನಾಂಕಗಳನ್ನು ಮತ್ತೆ ನೋಡಿದಳು.

ಇಲ್ಲಿ ಆ ಕಚೇರಿಯ ಒಂದು ಮರ್ಯಾದೆಯ ವಿಷಯ ಹೇಳಬೇಕು. ಅಲ್ಲಿ ಯಾರೂ ಯಾರ ಇಮೇಲಿಗೂ ನೇರವಾಗಿ ಉತ್ತರಿಸುವುದಿಲ್ಲ. ಸಾಹೇಬರು ಕೊನೆಯದಾಗಿ ಬರೆದದ್ದು ಯಾವುದೋ ಅದನ್ನು ಹುಡುಕಿ, ಅದಕ್ಕೇ ಉತ್ತರವಾಗಿ ತಮ್ಮ ಮಾತು ಸೇರಿಸುತ್ತಾರೆ. ಸಾಹೇಬರ ಹೆಸರಿರುವ ಮೇಲು ಬಿಟ್ಟು ನಕ್ಷೆಯವರ ಮೇಲಿಗೆ ಉತ್ತರಿಸಿದರೆ ದೊಡ್ಡವರನ್ನು ದಾಟಿಹೋದ ಹಾಗೆ. ಹೀಗಾಗಿ ಸಾಹೇಬರ ಒಂದೊಂದು ಇಮೇಲಿಗೂ ಹತ್ತಾರು ಉತ್ತರಗಳು, ಒಂದಕ್ಕೊಂದು ಗೊತ್ತಿಲ್ಲದೆ, ಒಂದೇ ಗೂಟಕ್ಕೆ ಕಟ್ಟಿದ ದನಗಳಂತೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿದ್ದವು.

ಸಾಹೇಬರು ‘ಒಪ್ಪಿಗೆ’ ಎಂದದ್ದು ಹಿಂದಿನ ತಿಂಗಳ ಒಂದು ಮಂಗಳವಾರ, ಹಳೆಯ ನಕ್ಷೆ ನೋಡಿ. ಎರಡು ದಿನ ಕಳೆದು ಹೆಡ್ ಸಿಸ್ಟರ್ ಕೇಳಿದರೆಂದು ನಕ್ಷೆಯವರು ಬಾಗಿಲ ಪಕ್ಕದ ಗೋಡೆಗೆ ಕೈ ತೊಳೆಯುವ ಬೇಸಿನ್ ಸೇರಿಸಿ, ಹೊಸ ನಕ್ಷೆಯನ್ನು ಮರ್ಯಾದೆಯಾಗಿ ಆ ‘ಒಪ್ಪಿಗೆ’ಗೇ ಉತ್ತರವಾಗಿ ಕಳಿಸಿದ್ದರು. ತೆರೆದವರಿಗೆಲ್ಲ ಕಂಡದ್ದು ಮೇಲೆ ನಕ್ಷೆ, ಕೆಳಗೆ ಒಪ್ಪಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಲೋಕದಲ್ಲಿ ಮುಂದಿನ ಮೇಲುಗಳೆಲ್ಲ ‘ಈಗಾಗಲೇ ತೀರ್ಮಾನವಾದಂತೆ’ ಎಂದೇ ಶುರುವಾದವು.

“ಜಾರುವ ಬಾಗಿಲು ಎಲ್ಲಿಗೆ ಜಾರುತ್ತೆ?” ಹೊಸಬರು ಕೇಳಿದರು.

“ಪಕ್ಕದ ಗೋಡೆ ಮೇಲೆ.”

“ಅಲ್ಲಿ ಬೇಸಿನ್ ಇದೆಯಲ್ಲ ಮೇಡಂ.”

“ಇದೆ.”

ಬಾಗಿಲು ಬೇಸಿನ್ನಿಗೆ ಬಡಿದು ಅರ್ಧದಲ್ಲಿ ನಿಲ್ಲುವುದು ಇಬ್ಬರಿಗೂ ಕಣ್ಣಿಗೆ ಕಟ್ಟಿತು.

ಆಗ ಅವಳ ಮನಸ್ಸಿಗೆ ಒಂದು ಯೋಚನೆ ಬಂತು, ಅದು ಅಷ್ಟು ಒಳ್ಳೆಯದಾಗಿರಲಿಲ್ಲ. ಇಡೀ ಆಸ್ಪತ್ರೆ ಇದನ್ನು ತೀರ್ಮಾನವಾದದ್ದು ಎಂದೇ ನಂಬಿದೆ. ತಾನೂ ಹಾಗೇ ಬರೆದರೆ ನಾಳೆ ಹೊಸಬರು ಗಿಳಿಯಂತೆ ಒಪ್ಪಿಸುತ್ತಾರೆ, ಸಾಹೇಬರು ತಲೆಯಾಡಿಸುತ್ತಾರೆ, ಶನಿವಾರ ಜಡೆ ಹೆಣೆಯಬಹುದು. ಬಾಗಿಲು ಬಡಿಯುವ ಹೊತ್ತಿಗೆ ತಾನಿರುವುದು ಬೇರೆ ಊರಿನಲ್ಲಿ. ಬಾಕಿ ಎಂದು ಬರೆದರೋ, ಸಾಹೇಬರ ಒಪ್ಪಿಗೆಯನ್ನೇ ಒಪ್ಪಿಗೆಯಲ್ಲ ಎಂದ ಹಾಗೆ. ಬಿಡುಗಡೆ ಯಾವ ಗೋಡೆಗೆ ಬಡಿಯುತ್ತದೋ.

ಹೊಸಬರು ಕನ್ನಡಕ ಒರೆಸುತ್ತಾ, “ಏನು ಬರೀತೀರೋ ಅದನ್ನೇ ಹೇಳ್ತೀನಿ ಮೇಡಂ. ನನಗೇನು ಗೊತ್ತು,” ಅಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ಸೋಮವಾರದಿಂದ ಎಲ್ಲರೂ ಬೈಯುವುದು ಈ ಬೋಳುತಲೆಯನ್ನೇ.

“ಥೂ,” ಎಂದು ಬಾಗಿಲಿನ ಬಗೆಯ ಸಾಲನ್ನು ತೀರ್ಮಾನದ ಕಡೆಯಿಂದ ಕತ್ತರಿಸಿ ಬಾಕಿಯ ಕೆಳಗೆ ಅಂಟಿಸಿದಳು. ಆಮೇಲೆ, ಓದುವವರು ಕೆಳಗಿನವರೆಗೆ ಬರುತ್ತಾರೆಂಬ ನಂಬಿಕೆಯಿಲ್ಲದೆ, ಎಲ್ಲಕ್ಕಿಂತ ಮೇಲೆ ಬರೆದಳು: ‘ಬಾಗಿಲಿನ ಆರ್ಡರ್ ಈಗ ಕೊಡಬೇಡಿ. ಜಾರುವ ಬಾಗಿಲಿಗೆ ಒಪ್ಪಿಗೆ ಇರುವುದು ಬೇಸಿನ್ ಇಲ್ಲದ ಹಳೆಯ ನಕ್ಷೆಗೆ. ಹೊಸ ನಕ್ಷೆಯಲ್ಲಿ ಬಾಗಿಲು ಜಾರಲು ಜಾಗವಿಲ್ಲ. ಬಾಗಿಲಿನ ಬಗೆ ಬದಲಿಸುವುದೋ, ಬೇಸಿನ್ನಿನ ಜಾಗ ಬದಲಿಸುವುದೋ? ಹೇಳಬೇಕಾದವರು: ಸಾಹೇಬರು. ಅದಕ್ಕೆ ಮೊದಲು ಕೇಳಬೇಕಾದವರು: ಹೆಡ್ ಸಿಸ್ಟರ್, ನಕ್ಷೆಯವರು.’ ಎರಡೂ ನಕ್ಷೆಗಳನ್ನು ದಿನಾಂಕ ಹಾಕಿ ಜೋಡಿಸಿದಳು. ಎಲ್ಲ ಸೇರಿ ಒಂದು ಪುಟವೂ ತುಂಬಲಿಲ್ಲ.

ಶುಕ್ರವಾರ ಸಾಹೇಬರು ಕೇಳಿದರು. “ಹೇಳಿ, ಯಾವ ಬಾಗಿಲು?”

ಹೊಸಬರು ಅವಳ ಮುಖ ನೋಡಲಿಲ್ಲ. ಅವಳು ತಾನೇ ಅವರ ಮುಖ ನೋಡುತ್ತಿದ್ದಳು. “ಇನ್ನೂ ತೀರ್ಮಾನ ಆಗಿಲ್ಲ ಸರ್. ನೀವು ಹೇಳ್ಬೇಕು,” ಅಂದರು ಹೊಸಬರು.

“ನಾನಾ? ನಾನು ಯಾವಾಗ್ಲೋ ಒಪ್ಪಿಗೆ ಕೊಟ್ಟಾಗಿದೆಯಲ್ರೀ!”

“ಬೇಸಿನ್ ಇಲ್ಲದ್ದಕ್ಕೆ ಕೊಟ್ಟಿದ್ದೀರಿ ಸರ್.”

“ಯಾವ ಬೇಸಿನ್?”

ಹೆಡ್ ಸಿಸ್ಟರ್ ಬಂದರು, ನಕ್ಷೆಯವರು ಬಂದರು. ಬೇಸಿನ್ ನಕ್ಷೆಗೆ ಬಂದದ್ದು ಸಾಹೇಬರಿಗೆ ಗೊತ್ತಿಲ್ಲ. ಬಾಗಿಲು ಜಾರುವುದು ಎಂದು ಹೆಡ್ ಸಿಸ್ಟರ್‌ಗೆ ಗೊತ್ತಿಲ್ಲ. ಇಬ್ಬರಿಗೂ ಎಲ್ಲವೂ ಗೊತ್ತಿದೆ ಎಂದು ನಕ್ಷೆಯವರು ತಿಳಿದಿದ್ದರು.

“ಬೇಸಿನ್ ಬಿಡೋಕಾಗಲ್ಲ, ಪೇಷೆಂಟ್ ಮುಟ್ಟೋ ಮೊದಲು ಕೈ ತೊಳೀಬೇಡವಾ?” ಎಂದರು ಹೆಡ್ ಸಿಸ್ಟರ್.

“ಹಾಗಾದ್ರೆ ಬಾಗಿಲು ಬಿಡೋಣ್ವಾ? ಪರದೆ ಹಾಕಿಬಿಡೋಣ,” ಎಂದರು ಸಾಹೇಬರು, ಸಿಟ್ಟಿಗೆ.

“ಬೇಸಿನ್ ಎದುರಿನ ಗೋಡೆಗೆ ಹೋಗುತ್ತಾ ನೋಡ್ಬಹುದು ಸರ್,” ಎಂದರು ನಕ್ಷೆಯವರು. “ಆದ್ರೆ ಆ ಕಡೆ ನೀರು ಹೊರಗೆ ಹೋಗೋ ಪೈಪಿಗೆ ಇಳಿಜಾರು ಸಿಗುತ್ತಾ ಅಂತ ಅಳೀಬೇಕು. ಸೋಮವಾರ ಹೇಳ್ತೀನಿ.”

ಸಾಹೇಬರು ಸಾರಾಂಶವನ್ನು ಕೈಗೆತ್ತಿಕೊಂಡು ಮೇಲಿನ ಸಾಲನ್ನು ಎರಡು ಸಲ ಓದಿದರು. “ಇದನ್ನ ಬರೆದೋರು ಯಾರು?”

“ನಾನು ಸರ್.”

“ಇದರಲ್ಲಿ ಎಲ್ಲಾ ಅರ್ಥ ಆಗುತ್ತೆ. ಅದಕ್ಕೇ ಹೇಳ್ತಿದೀನಿ, ಇದು ಮುಗಿಯೋವರೆಗೂ ನೀವು ಇರಿ.”

“ಸರ್, ಅವರು ನನ್ನ ಮುಖ ನೋಡ್ಲಿಲ್ಲ.”

“ನೋಡ್ಲಿಲ್ಲ, ನಿಜ. ನಾನೇ ನೋಡ್ತಿದೀನಲ್ಲ, ಏನು ಮಾಡ್ಲಿ?”

ಸಂಜೆ ಫೋನಿನಲ್ಲಿ, ಅಮ್ಮ ಶನಿವಾರ ಬರುವುದಿಲ್ಲವೆಂದು ತಿಳಿದು, ಮಗಳು ಬಾಗಿಲು ಯಾಕೆ ಜಾರಲಿಲ್ಲ ಎಂದು ಕೇಳಿದಳು. ಸಂಯೋಜಕಿ ವಿವರಿಸಿದಳು. ಮಗಳಿಗೆ ಅರ್ಥವಾಗಲಿಲ್ಲ, ಫೋನನ್ನು ಅಪ್ಪನಿಗೆ ಕೊಟ್ಟಳು. ಅಪ್ಪನಿಗೂ ಅರ್ಥವಾಗಲಿಲ್ಲ.

ಸೋಮವಾರ ಅಳತೆ ತೆಗೆದಾಗ ಇಳಿಜಾರು ಸಿಕ್ಕಿತು. ಬೇಸಿನ್ ಎದುರಿನ ಗೋಡೆಗೆ ಹೋಯಿತು, ಬಾಗಿಲು ಜಾರುವುದೇ ಆಯಿತು, ಆರ್ಡರನ್ನು ಹೊಸಬರು ಕೊಟ್ಟರು, ಸಂಯೋಜಕಿಗೆ ಬುಧವಾರ ಬಿಡುಗಡೆಯಾಯಿತು.