ಬಿಸ್ಕತ್ತು ಮುಗಿಯುವವರೆಗೆ

ಹದಿನಾಲ್ಕನೇ ನಂಬರಿನ ಬಸ್ಸು ಬೆಳಿಗ್ಗೆ ಆಸ್ಪತ್ರೆ ತಲುಪುವುದು ಏಳು ಗಂಟೆ ನಾಲ್ಕು ನಿಮಿಷಕ್ಕೆ. ನರ್ಸ್‌ಗಳ ಪಾಳಿ ಶುರುವಾಗುವುದು ಏಳಕ್ಕೆ. ಹಾಗಾಗಿ ಅದನ್ನು ಹತ್ತುವವರೇ ಕಡಿಮೆ. ಸಾರಿಗೆ ಮಂಡಳಿ ಅದನ್ನು ತಿಂಗಳ ಕೊನೆಗೆ ನಿಲ್ಲಿಸುವುದರಲ್ಲಿತ್ತು. ಮಂಡಳಿಯಲ್ಲಿ ಆ ಬಸ್ಸಿನ ವೇಳಾಪಟ್ಟಿ ಮಾಡಿದ ಅತ್ತಿಗೆ ಅದನ್ನು ಉಳಿಸಲು ಎಂಟು ಸ್ಲೈಡುಗಳ ಯೋಜನೆ ಬರೆದರು. ಮುಖ್ಯರಸ್ತೆ ಬಿಟ್ಟು ಒಳಗೆ ಹೋಗಿ ಬರಬೇಕಾದ ಮೂರು ನಿಲ್ದಾಣಗಳನ್ನು ಕೈಬಿಟ್ಟರೆ ತಲಾ ಮೂರು ನಿಮಿಷ ಉಳಿದು, ಬಸ್ಸು ಪಾಳಿಗೆ ಐದು ನಿಮಿಷ ಮೊದಲೇ ಆಸ್ಪತ್ರೆಯಲ್ಲಿರುತ್ತದೆ.

ಯೋಜನೆ ಚೆನ್ನಾಗಿತ್ತು. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಅತ್ತಿಗೆಯ ನಾಲಿಗೆ ಒಣಗುತ್ತಿತ್ತು.

"ಅದಕ್ಕೇನಂತೆ, ಪ್ರಶ್ನೆ ನಾನೇ ಮೊದಲು ಕೇಳ್ತೀನಿ," ಎಂದ ಅವರ ಮೈದುನ. ಪತ್ರಿಕೆಯಲ್ಲಿ ಉಪಸಂಪಾದಕ, ಅನುಮಾನಿಸುವುದಕ್ಕೇ ಸಂಬಳ. ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಸ್ಲೈಡನ್ನು ಜಾಲಾಡಿದ.

"ಇಲ್ಲಿ 'ಹೆಚ್ಚು ಪ್ರಯಾಣಿಕರು' ಅಂದಿದ್ದೀರಿ ಅತ್ತಿಗೆ. ಯಾವುದಕ್ಕಿಂತ ಹೆಚ್ಚು? ಕೇಳೇ ಕೇಳ್ತಾರೆ. ನಕ್ಷೇಲಿ ಮೂರು ನಿಲ್ದಾಣ ಅಳಿಸಿದ್ದೀರಿ. ಅಲ್ಲಿರೋರ ಗತಿ ಏನು? ಅದೂ ಬರುತ್ತೆ."

"ಉತ್ತರ ಬರಿಯಪ್ಪಾ, ಹೆದರಿಸಬೇಡ."

"ಎರಡೇ ವಾಕ್ಯ. ಮೊದಲನೇದರಲ್ಲಿ ನೇರ ಉತ್ತರ, ಎರಡನೇದರಲ್ಲಿ ಆಧಾರ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಶುಕ್ರವಾರ ತಿಳಿಸ್ತೀನಿ'. ಹಾರಿಕೆ ಉತ್ತರ ಕೊಡೋಕೆ ಹೋಗಬೇಡಿ."

ಮಂಡಳಿಯ ಏಳು ಜನರ ಸ್ವಭಾವವನ್ನೂ ಕೇಳಿ ತಿಳಿದುಕೊಂಡು, ಯಾರು ಏನು ಕೇಳಬಹುದೆಂದು ಪ್ರತಿ ಸ್ಲೈಡಿನ ಕೆಳಗಿನ ಟಿಪ್ಪಣಿಯಲ್ಲಿ ಬರೆದ. ಅದು ಪರದೆಯ ಮೇಲೆ ಬರುವುದಿಲ್ಲ. ಮಾತಾಡುವವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ.

ಕಾಗದದ ಮೇಲೂ ಕಾಣಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಮರುದಿನ ಸಭೆಗೆ ಏಳು ಪ್ರತಿ ಮುದ್ರಿಸುವಾಗ ಅತ್ತಿಗೆ ಟಿಪ್ಪಣಿ ಸಮೇತ ಮುದ್ರಿಸುವ ಆಯ್ಕೆಯನ್ನೇ ಒತ್ತಿದ್ದರು.

ಅದು ತಿಳಿದದ್ದು ಎರಡನೇ ಸ್ಲೈಡಿನ ಹೊತ್ತಿಗೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "'ಅಧ್ಯಕ್ಷರು ಖರ್ಚೆಷ್ಟು ಎಂದು ಕೇಳುತ್ತಾರೆ. ಯಾವಾಗಲೂ ಅದನ್ನೇ ಕೇಳುತ್ತಾರೆ.' ಏನಮ್ಮಾ ಇದು?"

ಅತ್ತಿಗೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿದರು. "ಸಾರ್, ಅದು... ನನಗೆ ಬರೆದುಕೊಂಡದ್ದು."

"ಉತ್ತರಾನೂ ಇದೆಯಲ್ಲ. 'ಹೊಸ ಖರ್ಚಿಲ್ಲ. ಅದೇ ಬಸ್ಸು, ಅದೇ ಚಾಲಕ.' ಸರಿ, ಮುಂದಿನದು."

ಕೋಣೆ ತುಂಬ ಹಾಳೆ ಮಗುಚುವ ಸದ್ದು. ಎಲ್ಲರೂ ತಮ್ಮ ತಮ್ಮ ಪ್ರಶ್ನೆ ಹುಡುಕುತ್ತಿದ್ದರು.

"ನಂದು ಐದನೇ ಪುಟದಲ್ಲಿದೆ ಕಣ್ರೀ. ಇದನ್ನೇ ಕೇಳಬೇಕು ಅಂತಿದ್ದೆ!"

"ನನ್ನ ಅತ್ತೆ ಮನೆ ಎರಡನೇ ನಿಲ್ದಾಣದ ಹತ್ತಿರ ಅಂತ ಇವರಿಗೆ ಹೇಳಿದ್ಯಾರು?"

"ನೀವೇ. ಪ್ರತಿ ಸಭೇಲೂ ಹೇಳ್ತೀರಲ್ಲ."

ಮೂಲೆಯಲ್ಲಿದ್ದ ಬೋಳುತಲೆಯ ಸದಸ್ಯರು ಮಾತ್ರ ನಗಲಿಲ್ಲ. ಅವರ ಬಗ್ಗೆ ಕೊನೆಯ ಪುಟದಲ್ಲಿ ಒಂದೇ ಸಾಲಿತ್ತು: 'ಇವರು ಬಿಸ್ಕತ್ತು ಮುಗಿಯುವವರೆಗೆ ಏನೂ ಕೇಳುವುದಿಲ್ಲ.'

ಅವರು ಹಾಳೆಯನ್ನು ಪಕ್ಕಕ್ಕಿಟ್ಟು, ತಟ್ಟೆಯಲ್ಲಿದ್ದ ಕೊನೆಯ ಬಿಸ್ಕತ್ತನ್ನು ನಿಧಾನವಾಗಿ ತಿಂದು, ಕೈ ಒರೆಸಿಕೊಂಡರು.

"ಆರನೇ ಸ್ಲೈಡ್. ಮೂರೂ ನಿಲ್ದಾಣದಲ್ಲಿ ಸೇರಿ ದಿನಕ್ಕೆ ಒಂಬತ್ತೇ ಜನ ಹತ್ತಿ ಇಳಿಯುತ್ತಾರೆ ಅಂತ ಹಾಕಿದ್ದೀರಿ. ಎಣಿಸಿದ್ದು ಯಾವ ವಾರ?"

ಸ್ಲೈಡಿನಲ್ಲಿ ದಿನಾಂಕವಿರಲಿಲ್ಲ. ಟಿಪ್ಪಣಿಯಲ್ಲಿ ಆ ಪ್ರಶ್ನೆಯೂ ಇರಲಿಲ್ಲ. ಅತ್ತಿಗೆಗೆ ಮಾತ್ರ ಆ ವಾರ ನೆನಪಿತ್ತು. ಮೂರನೇ ನಿಲ್ದಾಣ ಶಾಲೆಯ ಎದುರಿಗಿದೆ. ಎಣಿಸಿದ ವಾರ ಶಾಲೆಗೆ ರಜೆ. ಅದು ಈವರೆಗೆ ಅವರ ತಲೆಗೇ ಹೋಗಿರಲಿಲ್ಲ. 'ಗೊತ್ತಿಲ್ಲ, ಶುಕ್ರವಾರ ತಿಳಿಸುತ್ತೇನೆ' ಎಂಬ ಸಾಲು ಲ್ಯಾಪ್‌ಟಾಪಿನಲ್ಲಿ ಕಣ್ಣೆದುರೇ ಇತ್ತು. ಆದರೆ ಈಗ ಗೊತ್ತಿತ್ತಲ್ಲ.

"ಶಾಲೆಗೆ ರಜೆ ಇದ್ದ ವಾರ ಸಾರ್," ಎಂದರು. "ಮೂರನೇ ನಿಲ್ದಾಣದ ಲೆಕ್ಕ ನಂಬೋ ಹಾಗಿಲ್ಲ."

ಎರಡೇ ವಾಕ್ಯ. ನಾಲಿಗೆ ಒಣಗಲಿಲ್ಲ.

"ಹಾಗಾದ್ರೆ ಬಸ್ಸು ನಿಲ್ಲಿಸೋದೇ ಸರಿ ಅಲ್ವೇ?" ಎಂದರು ಅಧ್ಯಕ್ಷರು.

"ಬೇಡ ಸಾರ್. ಶಾಲೆ ನಿಲ್ದಾಣ ಉಳಿಸಿ ಉಳಿದೆರಡು ಬಿಟ್ಟರೆ ಆರು ನಿಮಿಷ ಉಳಿಯುತ್ತೆ. ಏಳಕ್ಕೆ ಎರಡು ನಿಮಿಷ ಇರುವಾಗ ಬಸ್ಸು ಆಸ್ಪತ್ರೆ ಗೇಟಿನಲ್ಲಿರುತ್ತೆ."

ಬೋಳುತಲೆಯವರು ಬೆರಳು ಮಡಚಿ ಕೂಡಿಸಿ ನೋಡಿದರು. "ಸರಿ ಬರುತ್ತೆ. ಮೂರು ತಿಂಗಳು ಓಡಿಸಿ ನೋಡೋಣ. ಶಾಲೆ ಇರೋ ದಿನ ಮತ್ತೆ ಎಣಿಸಿ." ಉಳಿದವರೂ ಕೈಯೆತ್ತಿದರು.

ಸಂಜೆ ಬಾಗಿಲಲ್ಲೇ ಮೈದುನ ಅಡ್ಡ ನಿಂತ. "ಏನಾಯ್ತು?"

"ಬಸ್ಸು ಉಳೀತು. ನಿನ್ನ ಟಿಪ್ಪಣಿ ಏಳು ಜನಾನೂ ಓದಿದರು."

"ಅಯ್ಯೋ! ಬಿಸ್ಕತ್ತಿನ ಸಾಲೂ? ಅವರು ಏನೂ ಕೇಳಲಿಲ್ಲ ತಾನೇ?"

"ಕೇಳಿದರು. ಇಡೀ ಸಭೆಯಲ್ಲಿ ಕೇಳೋ ಅಂಥ ಪ್ರಶ್ನೆ ಅದೊಂದೇ." ಅತ್ತಿಗೆ ಚಪ್ಪಲಿ ಬಿಚ್ಚಿ ಒಳಗೆ ನಡೆದರು. "ಆದರೆ ನೀನು ಬರೆದದ್ದು ತಪ್ಪಾಗಲಿಲ್ಲ ಬಿಡು. ಬಿಸ್ಕತ್ತು ಮುಗಿದಿತ್ತು."